ಕನ್ಸಲ್ಟೆನ್ಸಿಯವರ ಕಮಿಷನ್ ಲೆಕ್ಕ: ಮೊದಲ ಫೋನಿನಿಂದ ಕೆಲಸಕ್ಕೆ ಸೇರಿದ 90ನೆಯ ದಿನದವರೆಗೆ

ಕಂಪನಿಗಳಿಗೆ ಕೆಲಸಗಾರರನ್ನು ಹುಡುಕಿಕೊಡುವ ಬೆಂಗಳೂರಿನ ಒಂದು ಏಜೆನ್ಸಿಯಲ್ಲಿ, ಅಂದರೆ ಕನ್ಸಲ್ಟೆನ್ಸಿಯಲ್ಲಿ, ಆರು ವರ್ಷ ರಿಕ್ರೂಟರ್ ಆಗಿ ಕೆಲಸ ಮಾಡಿ ನಾನು ಊರಿಗೆ ಮರಳಿದೆ. ಅಂದಿನಿಂದ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಹುಡುಗ ಹುಡುಗಿಯರು ಆಫರ್ ಲೆಟರ್ ಹಿಡಿದುಕೊಂಡು ಬಂದು ತೋರಿಸುತ್ತಾರೆ. ಹೆಚ್ಚಿನವರು ಬರುವುದು ಸಹಿ ಹಾಕಿದ ಮೇಲೆ. ಎಲ್ಲರೂ ಎಡವಿರುವ ಜಾಗವೂ ಒಂದೇ. "ನನ್ನ ಸಂಬಳ ಹೆಚ್ಚಾದರೆ ಕನ್ಸಲ್ಟೆನ್ಸಿಯವರ ಕಮಿಷನ್ನೂ ಹೆಚ್ಚಾಗುತ್ತದೆ, ಹಾಗಾಗಿ ನನ್ನ ಪರವಾಗಿ ಮಾತನಾಡುತ್ತಾರೆ ಎಂದುಕೊಂಡಿದ್ದೆ" ಎನ್ನುತ್ತಾರೆ.

ಈ ನಂಬಿಕೆ ಒಂದು ಬಗೆಯ ಕೆಲಸದಲ್ಲಿ ಅರ್ಧ ಮಾತ್ರ ನಿಜ, ಇನ್ನೊಂದು ಬಗೆಯಲ್ಲಿ ಪೂರ್ತಿ ತಲೆಕೆಳಗು. ಎರಡನ್ನೂ ಬಿಡಿಸಿ ನೋಡದೆ ಸಂಬಳದ ಮಾತಿಗೆ ಇಳಿಯಬಾರದು. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂರನೆಯದನ್ನು ಮೊದಲು ಮಾಡಿದರೆ ಉಳಿದವು ಉಪಯೋಗಕ್ಕೆ ಬರುವುದಿಲ್ಲ.

## ಕೈಯಲ್ಲಿ ಇರಬೇಕಾದದ್ದು

ಒಂದು ನೋಟ್‌ಬುಕ್ ಮತ್ತು ಒಂದು ಇಮೇಲ್ ವಿಳಾಸ ಸಾಕು. ಪ್ರತಿ ಫೋನಿಗೂ ಒಂದು ಸಾಲು ಬರೆಯಿರಿ: ದಿನಾಂಕ, ಏಜೆನ್ಸಿಯ ಹೆಸರು, ಮಾತನಾಡಿದವರ ಹೆಸರು, ಕಂಪನಿ, ಹುದ್ದೆ, ಅವರು ಹೇಳಿದ ಸಂಬಳ, ನೀವು ಹೇಳಿದ ಸಂಬಳ. ಕೊನೆಯ ಎರಡು ಕಾಲಂಗಳನ್ನು ಬಿಡಬೇಡಿ. ರಿಕ್ರೂಟರ್ ನಿಮ್ಮ ಹೆಸರಿನ ಮುಂದೆ ಇಂಥದ್ದೇ ಪಟ್ಟಿಯನ್ನು ಎಕ್ಸೆಲ್ ಹಾಳೆಯಲ್ಲಿ ಇಟ್ಟುಕೊಂಡಿರುತ್ತಾರೆ: ಈಗಿನ ಸಂಬಳ, ನಿರೀಕ್ಷೆ, ನೋಟಿಸ್ ಅವಧಿ, ಬೇರೆ ಆಫರ್ ಇದೆಯೇ. ಮೊದಲ ಕರೆಯಲ್ಲಿ ನಿಮ್ಮ ಬಾಯಿಂದ ಬಂದ ಅಂಕಿ ಆ ಹಾಳೆಗೆ ಹೋದರೆ, ಮುಂದೆ ನಡೆಯುವ ಮಾತೆಲ್ಲ ಅದರ ಸುತ್ತಲೇ.

## 1. ಸಂಬಳ ಯಾರ ಪೇರೋಲ್‌ನಿಂದ ಬರುತ್ತದೆ ಎಂದು ಕೇಳಿ

ಫೋನ್ ಬಂದ ಕೂಡಲೇ, ನಿಮ್ಮ ಬಗ್ಗೆ ಏನನ್ನೂ ಹೇಳುವ ಮೊದಲು, ಈ ಒಂದು ಪ್ರಶ್ನೆ ಕೇಳಿ: "ಕೆಲಸ ಆದರೆ ಆಫರ್ ಲೆಟರ್ ಕಂಪನಿಯ ಹೆಸರಿನಲ್ಲಿ ಬರುತ್ತದೆಯೋ, ನಿಮ್ಮ ಏಜೆನ್ಸಿಯ ಹೆಸರಿನಲ್ಲೋ?"

ಕಂಪನಿಯ ಹೆಸರಿನಲ್ಲಿ ಎಂದರೆ ಅದು ಕಾಯಂ ನೇಮಕ. ಏಜೆನ್ಸಿಗೆ ಕಂಪನಿಯಿಂದ ಒಮ್ಮೆ ಮಾತ್ರ ಶುಲ್ಕ ಸಿಗುತ್ತದೆ, ಅದೂ ನೀವು ಸೇರಿದ ಮೇಲೆ. ಏಜೆನ್ಸಿಯ ಹೆಸರಿನಲ್ಲಿ ಎಂದರೆ ಗುತ್ತಿಗೆ ಕೆಲಸ. ನೀವು ಕುಳಿತುಕೊಳ್ಳುವುದು ಕಂಪನಿಯ ಕಚೇರಿಯಲ್ಲಿ, ಸಂಬಳ ಕೊಡುವವರು ಏಜೆನ್ಸಿಯವರು. ಅವರು ಪ್ರತಿ ತಿಂಗಳೂ ಕಂಪನಿಗೆ ನಿಮ್ಮ ಹೆಸರಿನಲ್ಲಿ ಬಿಲ್ ಹಾಕಿ, ಅದರಲ್ಲಿ ಒಂದು ಭಾಗವನ್ನು ನಿಮಗೆ ಕೊಟ್ಟು ಉಳಿದದ್ದನ್ನು ಇಟ್ಟುಕೊಳ್ಳುತ್ತಾರೆ.

"ಅದೆಲ್ಲ ಇಂಟರ್‌ವ್ಯೂ ಆದ ಮೇಲೆ ಗೊತ್ತಾಗುತ್ತದೆ" ಎಂಬ ಉತ್ತರ ಬಂದರೆ ಅಲ್ಲಿಯೇ ನಿಲ್ಲಿಸಿ. ರಿಕ್ರೂಟರ್‌ಗೆ ಇದು ಮೊದಲ ದಿನವೇ ಗೊತ್ತಿರುತ್ತದೆ, ಏಕೆಂದರೆ ಎರಡು ಬಗೆಯ ಕೆಲಸಕ್ಕೂ ಕಂಪನಿಯ ಜೊತೆಗಿನ ಒಪ್ಪಂದವೇ ಬೇರೆ. "ಕಂಪನಿಯದ್ದೇ ಕೆಲಸ, ಪೇರೋಲ್ ಮಾತ್ರ ನಮ್ಮದು" ಎಂದರೆ ಅದು ಗುತ್ತಿಗೆಯೇ. ಮಾತು ಎಷ್ಟೇ ಮೃದುವಾಗಿದ್ದರೂ ನೋಟ್‌ಬುಕ್ಕಿನಲ್ಲಿ 'ಗುತ್ತಿಗೆ' ಎಂದೇ ಬರೆದುಕೊಳ್ಳಿ.

## 2. ಅವರ ಲೆಕ್ಕವನ್ನು ನೀವೇ ಹಾಕಿ

ಈ ಹಂತಕ್ಕೆ ಹತ್ತು ನಿಮಿಷ ಸಾಕು. ಆದರೆ ಇದನ್ನು ಮಾಡಿದವರಿಗೂ ಮಾಡದವರಿಗೂ ಇರುವ ವ್ಯತ್ಯಾಸವನ್ನು ನಾನು ಫೋನಿನ ಆ ತುದಿಯಲ್ಲಿ ಕುಳಿತು ವರ್ಷಗಟ್ಟಲೆ ಕೇಳಿದ್ದೇನೆ.

ಕಾಯಂ ನೇಮಕದಲ್ಲಿ. ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚಿಗೆ ಸಿಟಿಸಿ ಎನ್ನುತ್ತಾರೆ. ನಮ್ಮ ದೇಶದಲ್ಲಿ ಬಹಳ ಕಡೆ ನಡೆಯುವ ದರ ನಿಮ್ಮ ವಾರ್ಷಿಕ ಸಿಟಿಸಿಯ ಶೇಕಡಾ 8.33, ಅಂದರೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ. ಸಿಗುವುದು ಕಷ್ಟವಾದ ಹುದ್ದೆಗಳಿಗೆ ಇದು ಹೆಚ್ಚಾಗುತ್ತದೆ. ಇದರ ಮೇಲಿನ ಜಿಎಸ್‌ಟಿಯನ್ನೂ ಕಂಪನಿಯೇ ಕಟ್ಟುತ್ತದೆ.

ಬದಿಯಡ್ಕದ ಒಬ್ಬ ಹುಡುಗಿಯ ಲೆಕ್ಕವನ್ನೇ ನೋಡೋಣ. ಎಂ.ಕಾಂ. ಮುಗಿಸಿ ಮೂರು ವರ್ಷದಿಂದ ಮಂಗಳೂರಿನಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದಳು. ತಿಂಗಳಿಗೆ 25,000 ರೂಪಾಯಿ ಸಂಬಳ. ಬೆಳಗ್ಗೆ ಕುಂಬಳೆಯಲ್ಲಿ ರೈಲು ಹತ್ತಿದಾಗ ಏಜೆನ್ಸಿಯ ಕರೆ ಬಂತು. ಗದ್ದಲದಲ್ಲಿ ನಿಂತುಕೊಂಡೇ, "33, 34 ಸಾವಿರ ಸಿಕ್ಕರೆ ಬರುತ್ತೇನೆ ಸರ್" ಎಂದಳು. ಆಫರ್ 35,000ಕ್ಕೆ ಬಂತು, ವರ್ಷಕ್ಕೆ 4,20,000. ಕೇಳಿದ್ದಕ್ಕಿಂತ ಹೆಚ್ಚು ಸಿಕ್ಕಿತೆಂದು ಸಂತೋಷಪಟ್ಟಳು. ಸೇರಿದ ಮೇಲೆ ಪಕ್ಕದ ಮೇಜಿನವಳಿಂದ ತಿಳಿಯಿತು, ಅದೇ ಹುದ್ದೆಗೆ ಅದೇ ತಿಂಗಳು ಅವಳಿಗೆ 40,000 ಕೊಟ್ಟಿದ್ದರು.

ಈಗ ರಿಕ್ರೂಟರ್ ಕಡೆಯಿಂದ ನೋಡಿ. 4,20,000ಕ್ಕೆ ಏಜೆನ್ಸಿಯ ಶುಲ್ಕ 34,986 ರೂಪಾಯಿ. 4,80,000 ಆಗಿದ್ದರೆ 39,984. ಏಜೆನ್ಸಿಗೆ ಸಿಗುತ್ತಿದ್ದ ಹೆಚ್ಚಳ ಸುಮಾರು 5,000. ಅದರಲ್ಲಿ ರಿಕ್ರೂಟರ್‌ಗೆ ಹತ್ತರಲ್ಲಿ ಒಂದು ಪಾಲು ಇನ್ಸೆಂಟಿವ್ ಎಂದು ಇಟ್ಟುಕೊಂಡರೆ ಅವರ ಕೈಗೆ ಬರುವುದು 3,500ರ ಬದಲು 4,000. ಹುಡುಗಿಗೆ ವರ್ಷಕ್ಕೆ 60,000 ರೂಪಾಯಿಯ ಪ್ರಶ್ನೆ, ರಿಕ್ರೂಟರ್‌ಗೆ ಒಟ್ಟು 500 ರೂಪಾಯಿಯದು. ಆ 500ಕ್ಕಾಗಿ ಕಂಪನಿಯ ಜೊತೆ ಎಳೆದಾಡಿ, ಕಂಪನಿಯವರು ಬೇರೆ ಏಜೆನ್ಸಿಯ ಅಭ್ಯರ್ಥಿಯತ್ತ ತಿರುಗಿದರೆ 3,500 ಪೂರ್ತಿ ಹೋಗುತ್ತದೆ. ಹಾಗಾಗಿ ಅವರಿಗೆ ಬೇಕಾದದ್ದು ಹೆಚ್ಚಿನ ಸಂಬಳವಲ್ಲ, ಬೇಗ ಮುಗಿಯುವ ಒಪ್ಪಂದ. ಅವರು ಕೆಟ್ಟವರೆಂದಲ್ಲ, ಲೆಕ್ಕವೇ ಹಾಗಿದೆ.

ಗುತ್ತಿಗೆಯಲ್ಲಿ. ಇಲ್ಲಿ ಒಂದು ರೂಪಾಯಿ ನಿಮಗೆ ಬಂದರೆ ಏಜೆನ್ಸಿಯ ಕೈಯಿಂದ ಒಂದು ರೂಪಾಯಿ ಹೋಗುತ್ತದೆ. ಮುಳ್ಳೇರಿಯದ ಒಬ್ಬ ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಹೋದ. ಕಂಪನಿಗೆ ಏಜೆನ್ಸಿ ಹಾಕುತ್ತಿದ್ದ ಬಿಲ್, ಜಿಎಸ್‌ಟಿ ಬಿಟ್ಟು, ತಿಂಗಳಿಗೆ 40,000. ಅವನಿಗೆ ಹೇಳಿದ ಸಿಟಿಸಿ 30,000. ನಡುವಿನ 10,000 ಏಜೆನ್ಸಿಯ ಮಾರ್ಜಿನ್. ವರ್ಷ ಪೂರ್ತಿ ಅವನು ಅಲ್ಲಿದ್ದರೆ 1,20,000. ರಿಕ್ರೂಟರ್‌ನ ಇನ್ಸೆಂಟಿವ್ ಲೆಕ್ಕ ಹಾಕುವುದು ಈ ಮಾರ್ಜಿನ್ ಮೇಲೆ. ಅಂದರೆ ಹುಡುಗ 33,000ಕ್ಕೆ ಪಟ್ಟು ಹಿಡಿದರೆ ಮಾರ್ಜಿನ್ 7,000ಕ್ಕೆ ಇಳಿಯುತ್ತದೆ, ರಿಕ್ರೂಟರ್‌ನ ಪಾಲೂ ಇಳಿಯುತ್ತದೆ.

ಆ 10,000 ಪೂರ್ತಿ ಲಾಭವಲ್ಲ ಎಂಬುದನ್ನೂ ಹೇಳಬೇಕು. ಕಂಪನಿ ಬಿಲ್ ಪಾವತಿಸುವುದು ಒಂದೂವರೆ, ಎರಡು ತಿಂಗಳ ಮೇಲೆ. ಏಜೆನ್ಸಿ ಮಾತ್ರ ಪ್ರತಿ ತಿಂಗಳೂ ಸಂಬಳ ಕೊಡಲೇಬೇಕು. ಆ ಹಣಕ್ಕೆ ಬಡ್ಡಿ ಇದೆ, ಕಚೇರಿ ಖರ್ಚಿದೆ. ಆದ್ದರಿಂದ ಪೂರ್ತಿ 40,000 ಕೇಳಿದರೆ ಮಾತು ಅಲ್ಲಿಗೇ ಮುರಿಯುತ್ತದೆ. ಎರಡು, ಮೂರು ಸಾವಿರದ ಎಡೆ ಮಾತ್ರ ಹೆಚ್ಚಿನ ಸಲ ಇರುತ್ತದೆ.

ಗೋದಾಮು, ಡೆಲಿವರಿ, ಬ್ಯಾಂಕ್ ಮಾರಾಟದಂಥ ಕೆಲಸಗಳಿಗೆ ನೂರಾರು ಜನರನ್ನು ಒಟ್ಟಿಗೆ ಸೇರಿಸುವಾಗ ಈ ಎಡೆಯೂ ಇಲ್ಲ. ಅಲ್ಲಿ ಸಂಬಳವನ್ನು ಕಂಪನಿಯೇ ನಿಗದಿ ಮಾಡಿ, ತಲೆಗೆ ಇಷ್ಟೆಂದು ಏಜೆನ್ಸಿಗೆ ಸಣ್ಣ ಸೇವಾ ಶುಲ್ಕ ಕೊಡುತ್ತದೆ. ಚೌಕಾಸಿಗೆ ಹೋಗಿ ಸಮಯ ಕಳೆಯಬೇಡಿ. ಕೆಲಸದ ಜಾಗ, ಪಾಳಿ ಮತ್ತು ಪಿಎಫ್ ಬಗ್ಗೆ ಕೇಳಿ.

## 3. ಸಂಬಳದ ಮಾತು: ಮೊದಲು ಅಂಕಿ ಹೇಳುವವರು ನೀವಾಗಬೇಡಿ

"ಕಡಿಮೆ ಎಂದರೆ ಎಷ್ಟಕ್ಕೆ ಬರುತ್ತೀರಿ ಮೇಡಂ?" ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಇದಕ್ಕೆ ಉತ್ತರವಾಗಿ ನೀವೇ ಕೇಳಬೇಕಾದದ್ದು: "ಈ ಹುದ್ದೆಗೆ ಕಂಪನಿ ಕೊಟ್ಟಿರುವ ಬಜೆಟ್ ಎಲ್ಲಿಂದ ಎಲ್ಲಿಯವರೆಗೆ?" ಬಹುಪಾಲು ಕೆಲಸಗಳಿಗೆ ರಿಕ್ರೂಟರ್ ಬಳಿ ಆ ಅಂಕಿ ಇರುತ್ತದೆ. ಎರಡು ಸಲ ಕೇಳಿ. ಆಗಲೂ ಹೇಳದಿದ್ದರೆ ಒಂದೇ ಅಂಕಿ ಕೊಡಿ, ಅದು ನಿಮಗೆ ಬೇಕಾದದ್ದಾಗಿರಲಿ, ಸಾಕಾಗುವುದಲ್ಲ. "33ರಿಂದ 40" ಎಂದರೆ ಹಾಳೆಯಲ್ಲಿ ಬರೆಯುವುದು 33 ಮಾತ್ರ. ಆರು ವರ್ಷ ನಾನೂ ಹಾಗೆಯೇ ಬರೆದವನು.

ಗುತ್ತಿಗೆ ಕೆಲಸವಾದರೆ ಸಿಟಿಸಿಯ ಮಾತನ್ನು ಒಪ್ಪಬೇಡಿ, ತಿಂಗಳಿಗೆ ಕೈಗೆ ಬರುವ ಹಣವನ್ನು ಬರೆದು ಕೊಡಲು ಹೇಳಿ. ಮುಳ್ಳೇರಿಯದ ಹುಡುಗನ 30,000ವನ್ನೇ ಬಿಡಿಸಿದರೆ ಕಾರಣ ಕಾಣುತ್ತದೆ. ಮೂಲ ವೇತನ 15,000. ಅದರ ಮೇಲೆ ಮಾಲೀಕರ ಪಾಲಿನ ಪಿಎಫ್ ಶೇಕಡಾ 12, ಅಂದರೆ 1,800, ಅದರ ಜೊತೆ ಪಿಎಫ್‌ನ ಆಡಳಿತ ಮತ್ತು ವಿಮೆ ಶುಲ್ಕ 150, ಗ್ರಾಚ್ಯುಟಿಗೆಂದು 721. ಇವೆಲ್ಲ ಆ 30,000ದ ಒಳಗೇ ಸೇರಿವೆ. ಉಳಿದ 27,329ರಲ್ಲಿ ಅವನ ಪಾಲಿನ ಪಿಎಫ್ 1,800 ಮತ್ತು ಕರ್ನಾಟಕದ ವೃತ್ತಿ ತೆರಿಗೆ 200 ಕಳೆದರೆ ಕೈಗೆ ಬರುವುದು 25,329. ಮಂಗಳೂರಿನಲ್ಲಿ 24,000 ಕೈಗೆ ಪಡೆದು ರಾತ್ರಿ ಮನೆಗೆ ಬರುತ್ತಿದ್ದವನು ಬೆಂಗಳೂರಿನ ಬಾಡಿಗೆಗೆ ಆ ವ್ಯತ್ಯಾಸದಲ್ಲಿ ಎಲ್ಲಿ ಹೊಂದಿಸುವುದು?

ಇನ್ನೊಂದು ಮಾತು ನಮ್ಮ ಕಡೆಯವರಿಗೆ ಮಾತ್ರ. ಕನ್ನಡ, ಮಲಯಾಳ ಎರಡನ್ನೂ ಸಲೀಸಾಗಿ ಮಾತನಾಡುವವರನ್ನು ಗ್ರಾಹಕ ಸೇವೆಯ ಮತ್ತು ಮಾರಾಟದ ಕೆಲಸಗಳಿಗೆ ಏಜೆನ್ಸಿಗಳು ಹುಡುಕಿಕೊಂಡು ಬರುತ್ತವೆ. ಹುಡುಗರು ಅದನ್ನು ಬಯೋಡೇಟಾದ ಕೊನೆಯ ಸಾಲಿನಲ್ಲಿ ಹಾಕಿರುತ್ತಾರೆ. ರಿಕ್ರೂಟರ್ ಮೊದಲು ನೋಡಿದ್ದು ಅದನ್ನೇ. ಫೋನಿನಲ್ಲಿ ಅವರು ನಡುವೆ ಮಲಯಾಳಕ್ಕೆ ತಿರುಗಿ ನಿಮ್ಮ ಮಾತು ಪರೀಕ್ಷಿಸಿದರೆ, ಈ ಕೆಲಸಕ್ಕೆ ಎರಡು ಭಾಷೆ ಬೇಕೇ ಬೇಕು ಎಂದು ತಿಳಿಯಿರಿ. ಅಂಥವರು ಸುಲಭವಾಗಿ ಸಿಗುವುದಿಲ್ಲ. ನಿಮ್ಮ ಅಂಕಿಯನ್ನು ಅದಕ್ಕೆ ತಕ್ಕಂತೆ ಹೇಳಿ.

## 4. ಬಯೋಡೇಟಾ ಕಳಿಸುವ ಅನುಮತಿಯನ್ನು ಬರವಣಿಗೆಯಲ್ಲಿ ಕೊಡಿ

ಕಂಪನಿಗೆ ನಿಮ್ಮ ಬಯೋಡೇಟಾವನ್ನು ಮೊದಲು ಕಳಿಸಿದ ಏಜೆನ್ಸಿಗೇ ಶುಲ್ಕ. ಆ ಹಕ್ಕು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದವರೆಗೆ ಇರುತ್ತದೆ. ಆದ್ದರಿಂದಲೇ ರಿಕ್ರೂಟರ್ ಕೆಲಸದ ವಿವರ ಹೇಳುವ ಮೊದಲೇ "ರೆಸ್ಯೂಮೆ ಈಗಲೇ ವಾಟ್ಸಾಪ್ ಮಾಡಿ" ಎಂದು ಅವಸರಪಡಿಸುತ್ತಾರೆ. ಬೇರೆ ಏಜೆನ್ಸಿ ಒಂದು ಗಂಟೆ ಮೊದಲು ಕಳಿಸಿದರೆ ಅವರ ಶ್ರಮ ನೀರಿನಲ್ಲಿ ಹೋಮ.

ಊರಿನ ವಾಟ್ಸಾಪ್ ಗುಂಪುಗಳಲ್ಲಿ ಬಯೋಡೇಟಾ ಹರಿಯಬಿಡುವುದು ನಮ್ಮವರ ದೊಡ್ಡ ತಪ್ಪು. ಐದು ಏಜೆನ್ಸಿಗಳು ಅದನ್ನು ಎತ್ತಿಕೊಂಡು ಒಂದೇ ಕಂಪನಿಗೆ ಕಳಿಸುತ್ತವೆ. ಎರಡು ಕಡೆಯಿಂದ ಒಂದೇ ಹೆಸರು ಬಂದರೆ ಶುಲ್ಕದ ಜಗಳ ಬೇಡವೆಂದು ಕೆಲವು ಕಂಪನಿಗಳು ಆ ಹೆಸರನ್ನೇ ಬದಿಗಿಡುತ್ತವೆ. ನಿಮಗೆ ಅದು ಗೊತ್ತೇ ಆಗುವುದಿಲ್ಲ, ಉತ್ತರ ಬರುವುದು ನಿಂತುಹೋಗುತ್ತದೆ, ಅಷ್ಟೆ.

ಸರಿಯಾದ ಕ್ರಮ ಹೀಗಿದೆ. ಕಂಪನಿಯ ಹೆಸರು ಮತ್ತು ಹುದ್ದೆ ಕೇಳಿ. ನೀವು ನೇರವಾಗಿ ಅಲ್ಲಿಗೆ ಅರ್ಜಿ ಹಾಕಿಲ್ಲವೆಂದು ನೋಟ್‌ಬುಕ್ಕಿನಲ್ಲಿ ಖಚಿತಪಡಿಸಿಕೊಳ್ಳಿ. ಆಮೇಲೆ ಇಮೇಲ್‌ನಲ್ಲಿ ಎರಡು ಸಾಲು ಬರೆಯಿರಿ: "ಇಂಥ ಕಂಪನಿಯ ಇಂಥ ಹುದ್ದೆಗೆ ಮಾತ್ರ ನನ್ನ ಬಯೋಡೇಟಾ ಕಳಿಸಲು ಒಪ್ಪಿದ್ದೇನೆ. ಬೇರೆ ಕಡೆಗೆ ಕಳಿಸುವ ಮೊದಲು ನನ್ನನ್ನು ಕೇಳಿ." ಕಂಪನಿಯ ಹೆಸರನ್ನೇ ಹೇಳದೆ ಬಯೋಡೇಟಾ ಕೇಳುವವರ ಬಳಿ ಎಷ್ಟೋ ಸಲ ಕೆಲಸವೇ ಇರುವುದಿಲ್ಲ. ನಿಮ್ಮ ಬಯೋಡೇಟಾ ತೋರಿಸಿ ಹೊಸ ಕಂಪನಿಯ ಬಾಗಿಲು ತಟ್ಟುವುದು ಅವರ ಉದ್ದೇಶ.

## 5. ಅವರ ಮಾತನ್ನು ಲೆಕ್ಕದ ಪಕ್ಕದಲ್ಲಿಟ್ಟು ಕೇಳಿ

ಏಜೆನ್ಸಿಯಲ್ಲಿ ನಮ್ಮ ಎದುರಿನ ಗೋಡೆಯ ಮೇಲೆ ಬಿಳಿ ಬೋರ್ಡ್ ಇತ್ತು. ಪ್ರತಿಯೊಬ್ಬರ ಹೆಸರು, ಅದರ ಮುಂದೆ ಆ ತಿಂಗಳ ಗುರಿ, ಅದರ ಮುಂದೆ ಈವರೆಗೆ ಬಂದ ಶುಲ್ಕ. ಗುರಿ ದಾಟಿದ ಮೇಲೆ ಮಾತ್ರ ಇನ್ಸೆಂಟಿವ್, ಅದಕ್ಕಿಂತ ನೂರು ರೂಪಾಯಿ ಕಡಿಮೆಯಾದರೂ ಸೊನ್ನೆ. ಆಫರ್ ಆದರೆ ಸಾಲದು, ತಿಂಗಳ ಕೊನೆಯೊಳಗೆ ಅಭ್ಯರ್ಥಿ ಕೆಲಸಕ್ಕೆ ಸೇರಬೇಕು. 25ನೆಯ ತಾರೀಖು ದಾಟಿದರೆ ಆ ಬೋರ್ಡಿನ ಕೆಳಗೆ ಯಾರಿಗೂ ಊಟ ಸೇರುತ್ತಿರಲಿಲ್ಲ. ಎಲ್ಲ ಏಜೆನ್ಸಿಗಳ ನಿಯಮವೂ ಇದೇ ಅಲ್ಲ, ಆದರೆ ತಿಂಗಳ ಅಥವಾ ಮೂರು ತಿಂಗಳ ಗುರಿ ಬಹುತೇಕ ಎಲ್ಲ ಕಡೆಯೂ ಇರುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಮಾತುಗಳನ್ನು ಕೇಳಿ.

"ಸೋಮವಾರವೇ ಸೇರಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತದೆ." ಇದು ತಿಂಗಳ ಕೊನೆಯ ವಾರದಲ್ಲಿ ಬಂದರೆ ಅವಸರ ಕಂಪನಿಯದೋ ಬೋರ್ಡಿನದೋ ಎಂದು ಪರೀಕ್ಷಿಸಿ. "ಸೇರುವ ದಿನಾಂಕದ ಬಗ್ಗೆ ಕಂಪನಿಯ ಎಚ್‌ಆರ್ ಜೊತೆ ಒಂದು ಮಾತು ಆಡುತ್ತೇನೆ, ಅವರನ್ನು ಕರೆಗೆ ಸೇರಿಸಿ" ಎಂದು ಕೇಳಿ. ನಿಜವಾದ ಅವಸರವಾದರೆ ಸೇರಿಸುತ್ತಾರೆ. ಇಲ್ಲದಿದ್ದರೆ ದಿನಾಂಕ ತಾನಾಗಿಯೇ ಸಡಿಲವಾಗುತ್ತದೆ.

"ಬೇರೆ ಎಲ್ಲೆಲ್ಲಿ ಇಂಟರ್‌ವ್ಯೂ ಕೊಡುತ್ತಿದ್ದೀರಿ?" ಇದರಲ್ಲಿ ಎರಡು ಉದ್ದೇಶಗಳಿವೆ. ನೀವು ಕೈತಪ್ಪುವ ಅಪಾಯ ಎಷ್ಟೆಂದು ಅಳೆಯುವುದು ಒಂದು, ಯಾವ ಕಂಪನಿಯಲ್ಲಿ ಕೆಲಸ ಖಾಲಿಯಿದೆ ಎಂದು ತಿಳಿಯುವುದು ಇನ್ನೊಂದು. ಹೆಸರು ಹೇಳಿದರೆ ಸಂಜೆಯೊಳಗೆ ಅದೇ ಕಂಪನಿಗೆ ಅವರು ಬೇರೆ ಅಭ್ಯರ್ಥಿಗಳನ್ನು ಕಳಿಸಬಹುದು. "ಎರಡು ಕಡೆ ಮಾತು ನಡೆಯುತ್ತಿದೆ" ಎಂದಷ್ಟೇ ಹೇಳಿ. ಇಲ್ಲದ ಆಫರನ್ನು ಇದೆ ಎಂದು ಮಾತ್ರ ಹೇಳಬೇಡಿ. ಆಫರ್ ಲೆಟರ್ ತೋರಿಸಿ ಎಂದಾಗ ಸಿಕ್ಕಿಬೀಳುತ್ತೀರಿ.

"ರಾಜೀನಾಮೆ ಕೊಟ್ಟಿರಾ?" ಎಂದು ದಿನ ಬಿಟ್ಟು ದಿನ ಕೇಳುತ್ತಾರೆ. ನೀವು ರಾಜೀನಾಮೆ ಕೊಟ್ಟರೆ ಹಿಂದೆ ಸರಿಯುವ ದಾರಿ ಮುಚ್ಚಿ ಅವರ ಶುಲ್ಕ ಭದ್ರವಾಗುತ್ತದೆ, ಅದಕ್ಕೆ. ಕಂಪನಿಯ ಆಫರ್ ಲೆಟರ್ ನಿಮ್ಮ ಇಮೇಲ್‌ಗೆ ಬಂದು, ಸಂಬಳದ ವಿವರಗಳನ್ನು ನೀವು ಓದುವವರೆಗೆ ರಾಜೀನಾಮೆ ಕೊಡಬೇಡಿ. "ಆಫರ್ ಖಚಿತ, ಪತ್ರ ನಾಳೆ ಬರುತ್ತದೆ" ಎಂಬ ಮಾತನ್ನು ನಂಬಿ ರಾಜೀನಾಮೆ ಕೊಟ್ಟು, ಆ ಪತ್ರ ಬಾರದೆ ಮೂರು ತಿಂಗಳು ಮನೆಯಲ್ಲಿ ಕುಳಿತ ಉಪ್ಪಳದ ಹುಡುಗನೊಬ್ಬನನ್ನು ಬಲ್ಲೆ.

## 6. ಗುತ್ತಿಗೆಯಾದರೆ, ಸಹಿಗೆ ಮೊದಲು ಒಂದು ಷರತ್ತು ಓದಿ

"ಆರು ತಿಂಗಳಲ್ಲಿ ಕಂಪನಿಯವರೇ ಕಾಯಂ ಮಾಡಿಕೊಳ್ಳುತ್ತಾರೆ" ಎಂದು ಎಲ್ಲರಿಗೂ ಹೇಳುತ್ತಾರೆ. ನೀವು ಕಾಯಂ ಆದ ದಿನ ಏಜೆನ್ಸಿಯ ಮಾಸಿಕ ಮಾರ್ಜಿನ್ ನಿಂತುಹೋಗುತ್ತದೆ. ಆದ್ದರಿಂದ ಹೆಚ್ಚಿನ ಒಪ್ಪಂದಗಳಲ್ಲಿ, ಇಷ್ಟು ತಿಂಗಳೊಳಗೆ ಕಾಯಂ ಮಾಡಿಕೊಂಡರೆ ಕಂಪನಿ ಏಜೆನ್ಸಿಗೆ ಶುಲ್ಕ ಕೊಡಬೇಕು ಎಂಬ ಷರತ್ತಿರುತ್ತದೆ. ಅದು ದೊಡ್ಡದಾಗಿದ್ದರೆ ಕಂಪನಿ ಹಿಂಜರಿಯುತ್ತದೆ.

ಹಾಗಾಗಿ ಬರವಣಿಗೆಯಲ್ಲಿ ಕೇಳಿ: ಎಷ್ಟು ತಿಂಗಳ ಮೇಲೆ ಆ ಶುಲ್ಕವಿಲ್ಲದೆ ಕಾಯಂ ಆಗಬಹುದು? ಉತ್ತರ ಬಾರದಿದ್ದರೆ ಕಾಯಂ ಆಗುವ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ, ಈಗ ಕೊಡುವ ಸಂಬಳವನ್ನು ಮಾತ್ರ ನೋಡಿ ತೀರ್ಮಾನಿಸಿ. ಸೇರಿದ ಎರಡನೆಯ ತಿಂಗಳು, ಯುಎಎನ್ ಎಂಬ ನಿಮ್ಮ ಪಿಎಫ್ ಸಂಖ್ಯೆಯ ಮೂಲಕ ಪಿಎಫ್ ಪಾಸ್‌ಬುಕ್ ತೆರೆದು ನೋಡಿ. ಸಂಬಳದ ಚೀಟಿಯಲ್ಲಿ ಕಡಿತವಾಗಿ ಪಾಸ್‌ಬುಕ್ಕಿನಲ್ಲಿ ಬಾರದಿದ್ದರೆ ತಡಮಾಡದೆ ಇಮೇಲ್ ಬರೆಯಿರಿ.

## 7. ನಿಮ್ಮಿಂದ ಹಣ ಕೇಳಿದರೆ

ಇಷ್ಟು ಲೆಕ್ಕ ನೋಡಿದ ಮೇಲೆ ಇದು ಸುಲಭ. ದೇಶದೊಳಗಿನ ಕೆಲಸಕ್ಕೆ ಏಜೆನ್ಸಿಯ ಆದಾಯ ಬರುವುದು ಕಂಪನಿಯಿಂದ. ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಠೇವಣಿ ಎಂದು ನಿಮ್ಮ ಬಳಿ ಕೇಳಿದರೆ ಅವರಿಗೆ ಶುಲ್ಕ ಕೊಡುವ ಕಂಪನಿಯೇ ಇಲ್ಲ ಎಂದು ತಿಳಿದು ಫೋನ್ ಇಡಿ.

ಗಲ್ಫ್ ಕೆಲಸದ ನಿಯಮ ಬೇರೆ. ಅದು 1983ರ ವಲಸೆ ಕಾಯ್ದೆಯ ಅಡಿಯಲ್ಲಿ ಬರುತ್ತದೆ. ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಸೇವಾ ಶುಲ್ಕ ಪಡೆಯಬಹುದು, ಆದರೆ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗೆ ಮೀರಿ ಅಲ್ಲ, ರಸೀದಿ ಕೊಟ್ಟೇ ಪಡೆಯಬೇಕು. ಏಜೆಂಟರ ನೋಂದಣಿ ಇದೆಯೇ ಎಂದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಲಕ್ಷಗಟ್ಟಲೆ ಕೇಳುವವರ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ಹಣ ಕೊಡುವ ಮೊದಲು ಹುಡುಕಿ.

## 8. ಸೇರಿದ ಮೇಲಿನ 90 ದಿನ

ಕಾಯಂ ನೇಮಕದಲ್ಲಿ ಬಹಳಷ್ಟು ಒಪ್ಪಂದಗಳಿಗೆ 60 ಅಥವಾ 90 ದಿನಗಳ ರೀಪ್ಲೇಸ್‌ಮೆಂಟ್ ಅವಧಿ ಇರುತ್ತದೆ. ಅಷ್ಟರೊಳಗೆ ನೀವು ಬಿಟ್ಟರೆ ಏಜೆನ್ಸಿ ಬೇರೊಬ್ಬರನ್ನು ಪುಕ್ಕಟೆಯಾಗಿ ಹುಡುಕಿಕೊಡಬೇಕು, ಇಲ್ಲವೇ ಶುಲ್ಕ ಹಿಂದಿರುಗಿಸಬೇಕು. ರಿಕ್ರೂಟರ್‌ನ ಇನ್ಸೆಂಟಿವ್ ಅನ್ನು ಎಷ್ಟೋ ಕಡೆ ಆ ಅವಧಿ ಮುಗಿಯುವವರೆಗೆ ತಡೆಹಿಡಿಯುತ್ತಾರೆ. ಆದ್ದರಿಂದ ಈ ದಿನಗಳಲ್ಲಿ ಅವರಿಂದ ಕರೆ ಬರುತ್ತಲೇ ಇರುತ್ತದೆ, ಊಟ ವಸತಿಯನ್ನೂ ವಿಚಾರಿಸುತ್ತಾರೆ.

ಈ ಅವಧಿ ನಿಮಗೂ ಉಪಯೋಗಕ್ಕೆ ಬರುತ್ತದೆ. ಹೇಳಿದ ಕೆಲಸ ಒಂದು, ಕೊಟ್ಟ ಕೆಲಸ ಇನ್ನೊಂದು ಎಂದಾದರೆ, ಪಾಳಿ ಬದಲಿಸಿದರೆ, ಭರವಸೆ ಕೊಟ್ಟ ಭತ್ಯೆ ಬಾರದಿದ್ದರೆ, ರಿಕ್ರೂಟರ್‌ಗೆ ಆಗಲೇ ಹೇಳಿ. ಕಂಪನಿಯ ಎಚ್‌ಆರ್ ಜೊತೆ ನಿಮ್ಮ ಪರವಾಗಿ ಮಾತನಾಡಲು ಅವರಿಗೆ ಸ್ವಂತ ಕಾರಣವಿರುವುದು ಆ 90 ದಿನ ಮಾತ್ರ. ಆದರೆ "ಕೆಲಸ ಬಿಡಲೇ?" ಎಂದು ಅವರ ಸಲಹೆ ಕೇಳಬೇಡಿ. ಅದಕ್ಕೆ ಉತ್ತರ ಆ ದಿನಗಳಲ್ಲಿ ಒಂದೇ ಇರುತ್ತದೆ.

ಬದಿಯಡ್ಕದ ಹುಡುಗಿ ನನ್ನ ಬಳಿ ಬಂದದ್ದು 70ನೆಯ ದಿನ. ಸಂಬಳ ಬದಲಿಸುವ ಸಮಯ ಮೀರಿತ್ತು. ಆದರೆ ಆಡಿಟ್ ಸಮಯದಲ್ಲಿ ರಾತ್ರಿ ಕೊನೆಯ ರೈಲು ತಪ್ಪಿದರೆ ಕಂಪನಿಯೇ ವಾಹನ ಕೊಡುತ್ತದೆ ಎಂದು ರಿಕ್ರೂಟರ್ ಹೇಳಿದ್ದರು, ಅದು ಅವಳ ನೋಟ್‌ಬುಕ್ಕಿನಲ್ಲಿ ದಿನಾಂಕದೊಂದಿಗೆ ಇತ್ತು. ಅಂದೇ ಅವರಿಗೆ ಇಮೇಲ್ ಬರೆಸಿದೆ. ಮೂರನೆಯ ದಿನ ಎಚ್‌ಆರ್ ಅವಳನ್ನು ಕರೆದು, ಎಂಟು ಗಂಟೆಯ ಮೇಲೆ ಕೆಲಸ ಮಾಡಿದ ದಿನ ಕುಂಬಳೆಯವರೆಗೆ ಟ್ಯಾಕ್ಸಿಯ ಬಿಲ್ ಕೊಡುವುದಾಗಿ ಬರೆದುಕೊಟ್ಟರು. ಸಂಬಳದ ಮಾತನ್ನು ವಾರ್ಷಿಕ ಪರಿಶೀಲನೆಯಲ್ಲಿ ಎತ್ತಲು ಪಕ್ಕದ ಮೇಜಿನ 40,000ವನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ.